‘ನಂಬರ ಅಷ್ಟ ಚೇಂಜ್ ಮಾಡಿ ಕೊಡ್ರಿ’: ಟೈಲರ್ ಅಕ್ಕನ ಕಾರ್ಡಿನ ಚಿತ್ರ ತಿದ್ದುವುದು ಹೇಗೆ?

ಪ್ರಶ್ನೆ: ಹಾವೇರಿಯಲ್ಲಿ ಸಣ್ಣ ಡಿಟಿಪಿ ಅಂಗಡಿ ಇಟ್ಟು ಎಂಟು ತಿಂಗಳಾಯಿತು. ಲೇಡೀಸ್ ಟೈಲರ್ ಒಬ್ಬರು ತಮ್ಮ ವಿಸಿಟಿಂಗ್ ಕಾರ್ಡಿನ ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ಜೊತೆಗೆ ಇಷ್ಟು ಬರೆದಿದ್ದಾರೆ: “ಸರ ನಮಸ್ಕಾರ್ರಿ. ಈ ಕಾರ್ಡಿನ್ಯಾಗ ನಂಬರ ಅಷ್ಟ ಚೇಂಜ್ ಮಾಡಿ ಕೊಡ್ರಿ. ಉಳದದ್ದೆಲ್ಲ ಹಂಗ ಇರ್ಲಿ. ಹೊಸಾ ನಂಬರ ವಾಯ್ಸ್‌ನ್ಯಾಗ ಹೇಳೇನಿ. ಇವತ್ತ ಸಂಜಿಕ ಬೇಕ್ರಿ.” ಕಾರ್ಡು ಮಾಡಿದವರು ಬೇರೆ ಯಾರೋ, ಮೂಲ ಫೈಲ್ ನನ್ನ ಹತ್ತಿರ ಇಲ್ಲ. ಫೋಟೋಶಾಪಿನಲ್ಲಿ ಹಳೇ ನಂಬರ್ ಅಳಿಸಿ ಹೊಸದು ಹಾಕಿದರೆ ತೇಪೆ ಹಚ್ಚಿದ ಹಾಗೆ ಎದ್ದು ಕಾಣುತ್ತಿದೆ. ಚಿತ್ರದಲ್ಲೇ ತಿದ್ದಬೇಕಾ, ಇಲ್ಲ ಇಡೀ ಕಾರ್ಡನ್ನೇ ಮತ್ತೆ ಮಾಡಬೇಕಾ? ಚಿತ್ರವನ್ನೂ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ಚಿತ್ರ ನೋಡಿದೆ. ನೀವು ಹಾಕಿದ ತೇಪೆಯನ್ನೂ ನೋಡಿದೆ. ಅದು ಯಾಕೆ ಕಾಣುತ್ತಿದೆ ಅಂತ ಆಮೇಲೆ ಹೇಳುತ್ತೇನೆ. ಫೋಟೋಶಾಪ್ ತೆರೆಯುವ ಮುಂಚೆ ಅಕ್ಕನಿಗೆ ಒಂದು ಫೋನ್ ಮಾಡಿ, ಎರಡು ಮಾತು ಕೇಳಿ.

ಮೊದಲನೆಯದು, ಈ ಚಿತ್ರ ಎಲ್ಲಿಗೆ ಹೋಗುತ್ತದೆ? ಸ್ಟೇಟಸ್‌ಗೆ ಹಾಕಿ ಗಿರಾಕಿಗಳಿಗೆ ಕಳಿಸುವುದಾದರೆ ಚಿತ್ರದಲ್ಲೇ ತಿದ್ದಿದರೆ ಸಾಕು, ಅರ್ಧ ಗಂಟೆಯ ಕೆಲಸ. ಅಚ್ಚು ಹಾಕಿಸುವುದಾದರೆ ಈ ಚಿತ್ರ ಪ್ರಯೋಜನಕ್ಕೆ ಬರುವುದಿಲ್ಲ, ಕಾರ್ಡನ್ನು ಹೊಸದಾಗಿಯೇ ಕಟ್ಟಬೇಕು. ‘ಇವತ್ತ ಸಂಜಿಕ’ ಅಂದಿದ್ದಾರೆ. ಸಂಜೆಯೊಳಗೆ ಸಾವಿರ ಕಾರ್ಡು ಯಾರೂ ಕೇಳುವುದಿಲ್ಲ, ಹಾಗಾಗಿ ಫೋನಿಗೇ ಇರಬೇಕು ಅನ್ನಿಸುತ್ತದೆ. ಆದರೆ ಇವತ್ತು ನೀವು ಕೊಟ್ಟ ಚಿತ್ರವನ್ನೇ ಅವರು ಮುಂದಿನ ವಾರ ಪ್ರೆಸ್ಸಿಗೆ ಕಳಿಸಿಬಿಡಬಹುದು. ಅದಕ್ಕೇ ಈಗಲೇ ಕೇಳಿ ಅಂತ ಹೇಳಿದ್ದು.

ಎರಡನೆಯದು, ಹಳೇ ನಂಬರ್ ತೆಗೆಯಬೇಕಾ, ಅದರ ಜೊತೆಗೆ ಹೊಸದು ಸೇರಿಸಬೇಕಾ? ‘ಚೇಂಜ್’ ಅನ್ನುವ ಮಾತನ್ನು ಜನ ಎರಡಕ್ಕೂ ಬಳಸುತ್ತಾರೆ. ಟೈಲರ್‌ಗಳ ವಿಷಯದಲ್ಲಿ ಇದು ದೊಡ್ಡ ಮಾತು. ಅಳತೆ ಬ್ಲೌಸ್ ಕೊಟ್ಟು ಹೋದವರು, ಮದುವೆ ಸೀರೆಗೆ ಕುಚ್ಚು ಹಾಕಲು ಕೊಟ್ಟವರು, ಎಲ್ಲರ ಫೋನಿನಲ್ಲೂ ಹಳೇ ನಂಬರೇ ಇರುತ್ತದೆ. ಸಿಮ್ ಕಂಪನಿ ಬದಲಿಸುತ್ತಿದ್ದೇನೆ ಅನ್ನುವುದಷ್ಟೇ ಕಾರಣವಾದರೆ ನಂಬರ್ ಬಿಡುವ ಅಗತ್ಯವೇ ಇಲ್ಲ. 2011ರ ಜನವರಿ 20ರಿಂದ ದೇಶದ ಎಲ್ಲ ಕಡೆ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು. `PORT` ಅಂತ ಬರೆದು, ಜಾಗ ಬಿಟ್ಟು, ತಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದರೆ ಕೋಡ್ ಬರುತ್ತದೆ. ಇಷ್ಟು ಹೇಳಿ ನಿಮ್ಮ ಕೆಲಸ ಕೈ ತಪ್ಪಿ ಹೋದರೂ ಹೋಗಲಿ, ಆ ಅಕ್ಕನಿಗೆ ಉಪಕಾರವಾಗುತ್ತದೆ. ಹಳೇ ನಂಬರ್ ಪೂರ್ತಿ ಬಂದ್ ಆದರೆ ಕನಿಷ್ಠ 90 ದಿನ ಕಳೆದ ಮೇಲೆ ಅದನ್ನು ಬೇರೆ ಯಾರಿಗಾದರೂ ಕೊಡಬಹುದು. ಆಗ ಬ್ಲೌಸ್ ಆಯ್ತಾ ಅಂತ ಕೇಳುವ ಗಿರಾಕಿಯ ಕರೆ ಯಾರದೋ ಮನೆಗೆ ಹೋಗುತ್ತದೆ.

ಈಗ ನಂಬರಿನ ವಿಷಯ. ವಾಯ್ಸ್‌ನಲ್ಲಿ ಹೇಳಿದ್ದಾರೆ ಅಂತ ಓದಿದ ಕೂಡಲೇ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಡಿಟಿಪಿ ಕೆಲಸ ಹಿಡಿದ ಎರಡನೇ ವರ್ಷ. ಒಬ್ಬರು ಫೋನಿನಲ್ಲಿ ನಂಬರ್ ಹೇಳಿದರು, ಕೊನೆಗೆ ‘ಎರಡು ಏಳು’ ಅಂದರು. ನಾನು 27 ಅಂತ ಬರೆದುಕೊಂಡೆ. ಅವರು ಹೇಳಿದ್ದು 77, ಅಂದರೆ ಏಳು ಎರಡು ಸಲ. 27 ಆದರೂ 77 ಆದರೂ ಎರಡೇ ಅಂಕಿ. ಹಾಗಾಗಿ ಎಣಿಸಿದಾಗ ಹತ್ತು ಅಂಕಿ ಸರಿಹೋಯಿತು, ನನಗೂ ಅನುಮಾನ ಬರಲಿಲ್ಲ. ಸಾವಿರ ಕಾರ್ಡು ಅಚ್ಚಾಗಿ ಬಂತು. ಮತ್ತೆ ಹಾಕಿಸುವ ಖರ್ಚು ನನ್ನ ಕೈಯಿಂದಲೇ ಹೋಯಿತು. ‘ಮೂರು ಸೊನ್ನೆ’ ಅಂದರೆ 30 ಆಗಬಹುದು, 000 ಆಗಬಹುದು. ‘ಅರವತ್ತು ಎರಡು’ ಅಂದರೆ 62 ಆಗಬಹುದು, 602 ಕೂಡ ಆಗಬಹುದು. ಆದ್ದರಿಂದ ಹೊಸ ನಂಬರಿನಿಂದಲೇ ನಿಮಗೆ ಒಂದು ಮಿಸ್ಡ್ ಕಾಲ್ ಕೊಡಲು ಹೇಳಿ. ಫೋನಿನಲ್ಲಿ ಬಂದ ನಂಬರನ್ನೇ ಕಾಪಿ ಮಾಡಿ ಅಂಟಿಸಿ. ಕೈಯಲ್ಲಿ ಟೈಪ್ ಮಾಡಬೇಡಿ. ಮುಂದೆ ಬರುವ +91 ತೆಗೆದ ಮೇಲೆ ಹತ್ತು ಅಂಕಿ ಉಳಿಯಬೇಕು, ಮೊದಲ ಅಂಕಿ 6, 7, 8, 9ರಲ್ಲಿ ಒಂದಾಗಿರಬೇಕು.

ಇನ್ನು ತೇಪೆ. ನಿಮ್ಮ ಚಿತ್ರ 960 × 548 ಪಿಕ್ಸೆಲ್ ಇದೆ. ಮೇಲೆ ಕೆನೆ ಬಣ್ಣ, ಅಂಗಡಿ ಹೆಸರು, ಹೊಲಿಗೆ ಯಂತ್ರದ ಚಿತ್ರ, ಬ್ಲೌಸ್, ಚೂಡಿದಾರ್, ಫಾಲ್ಸ್, ಜಿಗ್‌ಜಾಗ್, ಕುಚ್ಚು ಅಂತ ಒಂದು ಸಾಲು. ಕೆಳಗೆ ಸುಮಾರು 96 ಪಿಕ್ಸೆಲ್ ಎತ್ತರದ ಮರೂನ್ ಪಟ್ಟಿ, ಅದರ ಮೇಲೆ ಬಿಳಿ ಅಂಕಿಗಳಲ್ಲಿ ನಂಬರ್. ಅಂಕಿಯ ಎತ್ತರ ಸುಮಾರು 30 ಪಿಕ್ಸೆಲ್. ಪಟ್ಟಿಯ ಬಣ್ಣ ಎಡದಿಂದ ಬಲಕ್ಕೆ ಸ್ವಲ್ಪ ಸ್ವಲ್ಪವೇ ಗಾಢವಾಗುತ್ತಾ ಹೋಗುತ್ತದೆ. ನೀವು ಒಂದು ಕಡೆ ಬಣ್ಣ ಎತ್ತಿಕೊಂಡು ಅಂಕಿಗಳ ಮೇಲೆ ಬಳಿದಿದ್ದೀರಿ. ಎಡ ತುದಿಯಲ್ಲಿ ಅದು ಹೊಂದಿದೆ, ಬಲ ತುದಿಯಲ್ಲಿ ತಿಳಿಯಾಗಿ ಕಾಣುತ್ತಿದೆ.

ಆದರೆ ದೊಡ್ಡ ತೊಂದರೆ ಅದಲ್ಲ. ಚಿತ್ರವನ್ನು 400% ಹಿಗ್ಗಿಸಿ ಹಳೇ ಅಂಕಿಗಳ ಅಂಚು ನೋಡಿ. ಬಿಳಿಯ ಸುತ್ತ ತೆಳು ಗುಲಾಬಿ ಬಣ್ಣ ಹರಡಿದೆ. ಅದರಾಚೆ ಸಣ್ಣ ಸಣ್ಣ ಚುಕ್ಕೆಗಳ ಮಬ್ಬು ಇದೆ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದಾಗ ಅದು ಚಿತ್ರವನ್ನು ಕುಗ್ಗಿಸಿ ಜೆಪೆಗ್ ಮಾಡುತ್ತದೆ. ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸಿ ಒಂದೊಂದನ್ನೂ ಬೇರೆ ಬೇರೆ ಅದುಮುತ್ತದೆ. ಒಂದೇ ಚೌಕದೊಳಗೆ ಬಿಳಿಯೂ ಮರೂನೂ ಬಂದರೆ ಆ ಚೌಕವೆಲ್ಲ ಕಲೆಯಾಗುತ್ತದೆ. ಅದರ ಮೇಲೆ, ಹೊಳಪನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಂಡು, ಬಣ್ಣವನ್ನು ಮಾತ್ರ ಎರಡೆರಡು ಪಿಕ್ಸೆಲ್‌ಗೆ ಒಂದರಂತೆ ಇಡುವುದು ರೂಢಿ. ಕೆಂಪು ಬಣ್ಣ ಅಂಕಿಯೊಳಗೆ ನುಸುಳುವುದು ಇದರಿಂದಲೇ. ಹೀಗಾಗಿ ಅಂಕಿಯ ಕಲೆ ಅಂಕಿಯಿಂದ ಆಚೆಗೆ ಎಂಟು ಪಿಕ್ಸೆಲ್, ಕೆಲವು ಕಡೆ ಹದಿನಾರು ಪಿಕ್ಸೆಲ್‌ವರೆಗೂ ಇರುತ್ತದೆ. ನೀವು ಅಂಕಿಯನ್ನಷ್ಟೇ ಅಳಿಸಿ ಸುತ್ತಲಿನ ಮಬ್ಬನ್ನು ಬಿಟ್ಟಿದ್ದೀರಿ. ಹೊಲಿಗೆ ಬಿಚ್ಚಿದ ಮೇಲೂ ಬಟ್ಟೆಯಲ್ಲಿ ಸೂಜಿ ತೂತು ಉಳಿಯುತ್ತದಲ್ಲ, ಹಾಗೆ ಹಳೇ ನಂಬರಿನ ಗುರುತು ಉಳಿದುಬಿಟ್ಟಿದೆ.

ಹೀಗೆ ಮಾಡಿ. ಅಕ್ಕ ಕಳಿಸಿದ ಮೊದಲ ಫೈಲನ್ನೇ ತೆರೆಯಿರಿ, ನೀವು ತಿದ್ದಿ ಸೇವ್ ಮಾಡಿದ್ದನ್ನಲ್ಲ. ಪ್ರತಿ ಸಲ ಜೆಪೆಗ್ ಆಗಿ ಸೇವ್ ಮಾಡಿದಾಗಲೂ ಕಲೆ ಹೆಚ್ಚುತ್ತದೆ. ಬಣ್ಣ ಬಳಿಯುವುದನ್ನು ಬಿಡಿ. ನಿಮ್ಮ ಪಟ್ಟಿಯಲ್ಲಿ ಬಣ್ಣ ಬದಲಾಗುವುದು ಎಡದಿಂದ ಬಲಕ್ಕೆ ಮಾತ್ರ, ಮೇಲಿಂದ ಕೆಳಕ್ಕೆ ಬದಲಾಗುವುದಿಲ್ಲ. ಅಂದರೆ ಅಂಕಿಗಳ ಮೇಲ್ಗಡೆ ಪಟ್ಟಿಯ ಬಣ್ಣ ಏನಿದೆಯೋ, ಅಂಕಿಗಳ ಕೆಳಗೆ ಅಡಗಿದ್ದ ಬಣ್ಣವೂ ಅದೇ. ಅಂಕಿಗೂ ಪಟ್ಟಿಯ ಮೇಲಂಚಿಗೂ ನಡುವೆ 30ಕ್ಕಿಂತ ಹೆಚ್ಚು ಪಿಕ್ಸೆಲ್ ಖಾಲಿ ಜಾಗ ಇದೆ. ಅದರ ನಡುವಿನಿಂದ, ಕಲೆ ಇಲ್ಲದ ಕಡೆ, ನಾಲ್ಕು ಪಿಕ್ಸೆಲ್ ಎತ್ತರದ ಉದ್ದ ಎಳೆಯೊಂದನ್ನು ಆಯ್ಕೆ ಮಾಡಿ. ಅಗಲ ನಂಬರಿಗಿಂತ ಎರಡೂ ಕಡೆ 20 ಪಿಕ್ಸೆಲ್ ಹೆಚ್ಚಿರಲಿ. ಅದನ್ನು ಹೊಸ ಲೇಯರ್‌ಗೆ ಕಾಪಿ ಮಾಡಿ, Free Transform ಹಾಕಿ ಕೆಳಕ್ಕೆ ಎಳೆಯಿರಿ. ಅಂಕಿಗಳ ಕೆಳಗೂ 16 ಪಿಕ್ಸೆಲ್ ದಾಟುವವರೆಗೆ ಎಳೆಯಬೇಕು. ನಂಬರ್ ಮಾಯವಾಗುತ್ತದೆ, ಬಣ್ಣ ತನ್ನ ಪಾಡಿಗೆ ಎಡದಿಂದ ಬಲಕ್ಕೆ ಗಾಢವಾಗುತ್ತಾ ಹೋಗುತ್ತದೆ. ಎಳೆದಾಗ ನಿಂತ ಗೆರೆಗಳು ಕಂಡರೆ ಆ ಎಳೆಯಲ್ಲೇ ಸಣ್ಣ ಚುಕ್ಕೆಗಳಿದ್ದವು ಅಂತ ಅರ್ಥ. ಎಳೆಯುವ ಮುಂಚೆ Motion Blur ಅನ್ನು 0 ಡಿಗ್ರಿಯಲ್ಲಿ ಹತ್ತು ಪಿಕ್ಸೆಲ್‌ನಷ್ಟು ಹಾಕಿದರೆ ಗೆರೆ ಬರುವುದಿಲ್ಲ.

ಬಣ್ಣ ಮೇಲಿಂದ ಕೆಳಕ್ಕೆ ಬದಲಾಗುವ ಕಾರ್ಡು ಸಿಕ್ಕರೆ ಇದನ್ನೇ ತಿರುಗಿಸಿ ಮಾಡಿ. ನಂಬರಿನ ಪಕ್ಕದಿಂದ ನಿಂತ ಎಳೆಯೊಂದನ್ನು ತೆಗೆದು ಅಡ್ಡಕ್ಕೆ ಎಳೆಯಿರಿ. ಹಿಂದೆ ಹೂವಿನ ಡಿಸೈನೋ ಬಟ್ಟೆಯ ಫೋಟೋವೋ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ Clone Stamp ಹಿಡಿದು ತಾಳ್ಮೆಯಿಂದ ಕೂರಬೇಕು.

ಈಗ ಹೊಸ ಅಂಕಿಗಳು. ಹಳೇ ನಂಬರಿನ ಅಂಕಿಗಳನ್ನೇ ಕತ್ತರಿಸಿ ಜಾಗ ಬದಲಿಸುವ ಒಂದು ಹಳೇ ಉಪಾಯ ಇದೆ. ಬಹುಪಾಲು ಫಾಂಟ್‌ಗಳಲ್ಲಿ 0ಯಿಂದ 9ರವರೆಗೆ ಎಲ್ಲ ಅಂಕಿಗಳಿಗೂ ಒಂದೇ ಅಗಲ ಇಟ್ಟಿರುತ್ತಾರೆ, ಹಾಗಾಗಿ ಕೊನೆಯ ಎರಡಂಕಿ ಮಾತ್ರ ಬದಲಾದಾಗ ಇದು ಚೆನ್ನಾಗಿ ಕೂರುತ್ತದೆ. ಮಬ್ಬೂ ಬಣ್ಣವೂ ತಾನೇ ಹೊಂದುತ್ತವೆ. ನಿಮ್ಮ ಕೆಲಸಕ್ಕೆ ಬೇಡ. ಹೊಸ ನಂಬರಿನಲ್ಲಿ 5 ಇದೆ, ಹಳೆಯದರಲ್ಲಿ ಇಲ್ಲ. ಪಿನ್‌ಕೋಡ್‌ನಲ್ಲಿ ಸಿಗುತ್ತದೆ, ಕರ್ನಾಟಕದ ಪಿನ್‌ಕೋಡ್ ಎಲ್ಲ 5ರಿಂದಲೇ ಶುರು ಅಲ್ವಾ. ಆದರೆ ಅದು ಸಣ್ಣದು, ಕೆನೆ ಬಣ್ಣದ ಮೇಲಿನ ಕಪ್ಪು ಅಂಕಿ. ದೊಡ್ಡದು ಮಾಡಿ ಬಿಳಿ ಮಾಡಿದರೆ ಉಳಿದ ಒಂಬತ್ತರ ನಡುವೆ ಅದೊಂದೇ ಪರಕೀಯನಂತೆ ನಿಲ್ಲುತ್ತದೆ. ಹತ್ತೂ ಅಂಕಿಗಳನ್ನು ಹೊಸದಾಗಿ ಟೈಪ್ ಮಾಡಿ. ಆಗ ಫಾಂಟ್ ಕೂದಲೆಳೆಯಷ್ಟು ಬೇರೆಯಾದರೂ ಯಾರಿಗೂ ತಿಳಿಯುವುದಿಲ್ಲ.

ಫಾಂಟ್ ಯಾವುದು ಅಂತ ತಿಳಿಯಲು ಅಂಕಿ 1 ನೋಡಿ. ಅದರ ತಲೆಯ ಕೊಕ್ಕೆ ನೇರ ಓರೆಯಾಗಿ ಇಳಿದಿದ್ದರೆ ಏರಿಯಲ್. ಬಾಗಿ ಬಂದು ಅಡ್ಡಕ್ಕೆ ಮಲಗಿದ್ದರೆ ಹೆಲ್ವೆಟಿಕಾ ಜಾತಿಯದು. ನಮ್ಮ ಕಡೆ ಕಾರ್ಡುಗಳು ಹೆಚ್ಚಾಗಿ ಕೋರಲ್‌ಡ್ರಾದಲ್ಲೇ ಆಗುವುದರಿಂದ, ಅದರ ಜೊತೆ ಬರುವ `Swis721 BT` ಇರುವ ಸಾಧ್ಯತೆ ಜಾಸ್ತಿ. ನಿಮ್ಮ ಚಿತ್ರದಲ್ಲಿ 1ರ ಕೊಕ್ಕೆ ಬಾಗಿದೆ, ಅದರ ಬೋಲ್ಡ್ ಹಾಕಿ ನೋಡಿ. ಐದು ಅಂಕಿ ಆದ ಮೇಲೆ ಹಳೇ ಕಾರ್ಡಿನಲ್ಲಿ ಎಷ್ಟು ಜಾಗ ಬಿಟ್ಟಿದ್ದರೋ ಅಷ್ಟೇ ಬಿಡಿ. ಅಚ್ಚ ಬಿಳಿ ಬೇಡ, ಹಳೇ ಅಂಕಿಯ ದಪ್ಪ ಭಾಗದ ನಡುವಿನಿಂದ ಬಣ್ಣ ಎತ್ತಿಕೊಳ್ಳಿ. ಎತ್ತುವ ಮುಂಚೆ ಐಡ್ರಾಪರ್‌ನಲ್ಲಿ `3 by 3 Average` ಇಟ್ಟುಕೊಳ್ಳಿ, ಒಂದೇ ಪಿಕ್ಸೆಲ್ ಎತ್ತಿದರೆ ಕಲೆಯ ಬಣ್ಣ ಬಂದುಬಿಡಬಹುದು.

ಇಷ್ಟಾದ ಮೇಲೂ ನಂಬರ್ ಎದ್ದು ಕಾಣುತ್ತದೆ, ಯಾಕೆಂದರೆ ಅದು ತೀರಾ ಚೂಪಾಗಿದೆ, ಸುತ್ತಲಿನದ್ದೆಲ್ಲ ಮೆತ್ತಗಾಗಿದೆ. ಟೈಪ್ ಮಾಡಿದ ಲೇಯರ್‌ಗೆ Gaussian Blur 0.5 ಪಿಕ್ಸೆಲ್ ಹಾಕಿ ಅಂಗಡಿ ಹೆಸರಿನ ಅಕ್ಷರಗಳ ಜೊತೆ ಹೋಲಿಸಿ. ಸಾಲದಿದ್ದರೆ 0.7ಕ್ಕೆ ಹೋಗಿ, ಅದಕ್ಕಿಂತ ಹೆಚ್ಚು ಬೇಡ. ಗಿರಾಕಿ ಓದಬೇಕಾದದ್ದು ಆ ನಂಬರನ್ನೇ, ಅನುಮಾನವಿದ್ದರೆ ಚೂಪಿನ ಕಡೆಗೇ ಇರಲಿ. ಆಮೇಲೆ ಒಂದೇ ಒಂದು ಸಲ ಸೇವ್ ಮಾಡಿ, ಅದೂ ಪಿಎನ್‌ಜಿ ಆಗಿ, ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಮತ್ತೊಂದು ಸುತ್ತು ಅದುಮಿಸಿಕೊಂಡೇ ಹೋಗುತ್ತದೆ.

ಇನ್ನೊಂದು ವಿಷಯ, ಇದನ್ನು ನೀವು ನೋಡಿಲ್ಲ ಅನ್ನಿಸುತ್ತದೆ. ಕಾರ್ಡಿನ ಬಲ ಮೇಲ್ಮೂಲೆಯಲ್ಲಿ ಸಣ್ಣ ಕ್ಯೂಆರ್ ಕೋಡ್ ಇದೆ. ಸ್ಕ್ಯಾನ್ ಮಾಡಿ ನೋಡಿದೆ. `https://wa.me/91` ಅಂತ ಶುರುವಾಗಿ ಮುಂದೆ ಅವರ ಹಳೇ ನಂಬರೇ ಬರುತ್ತದೆ. ನೀವು ಕೆಳಗಿನ ನಂಬರ್ ಎಷ್ಟು ಚೆಂದ ತಿದ್ದಿದರೂ ಸ್ಕ್ಯಾನ್ ಮಾಡಿದವರು ಹಳೇ ನಂಬರಿಗೇ ಹೋಗುತ್ತಾರೆ. ಕ್ಯೂಆರ್ ಕೋಡನ್ನು ತಿದ್ದಲು ಬರುವುದಿಲ್ಲ, ಹೊಸದು ಮಾಡಿ ಅದೇ ಜಾಗದಲ್ಲಿ ಕೂರಿಸಬೇಕು. 91 ಆದ ಮೇಲೆ ಹತ್ತು ಅಂಕಿ, ನಡುವೆ ಜಾಗವಾಗಲಿ, + ಗುರುತಾಗಲಿ ಇರಬಾರದು. ಆ ಹೊಸ ನಂಬರಿನಲ್ಲಿ ಅಕ್ಕ ವಾಟ್ಸಾಪ್ ಇಟ್ಟುಕೊಂಡಿದ್ದಾರಾ ಅಂತಲೂ ಕೇಳಿ. ಕೋಡಿನ ಸುತ್ತ ಸ್ವಲ್ಪ ಬಿಳಿ ಜಾಗ ಬಿಡಿ, ಇಲ್ಲದಿದ್ದರೆ ಫೋನ್ ಹಿಡಿಯುವುದಿಲ್ಲ. ಬೇರೆ ಟೈಲರ್‌ಗಳ ಕಾರ್ಡಿನಲ್ಲಿ ದುಡ್ಡು ಹಾಕುವ ಯುಪಿಐ ಕೋಡ್ ಇರಬಹುದು. ಅದನ್ನು ನೀವಾಗಿ ಮಾಡಲು ಹೋಗಬೇಡಿ. ಅವರ ಆ್ಯಪ್‌ನಿಂದಲೇ ತೆಗೆದು ಕಳಿಸಲು ಹೇಳಿ. ಕಾರ್ಡಿನ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಇದೇ ವಿವರ ಇದೆಯಾ ಅಂತ ಕೇಳುವುದೂ ಒಳ್ಳೆಯದು, ಜನ ಒಂದೇ ಮಗ್ಗಲು ಕಳಿಸಿ ಸುಮ್ಮನಾಗುತ್ತಾರೆ.

ಅಚ್ಚಿಗೆ ಬೇಕು ಅಂದರೆ ಏನು ಮಾಡುವುದು ನೋಡೋಣ. ಕಾರ್ಡಿನ ಅಳತೆ 3.5 × 2 ಇಂಚು. 960 ಪಿಕ್ಸೆಲ್ ಅನ್ನು 3.5ರಿಂದ ಭಾಗಿಸಿದರೆ ಇಂಚಿಗೆ 274 ಬರುತ್ತದೆ. ಅಚ್ಚಿಗೆ 300 ಇರಬೇಕು ಅನ್ನುತ್ತಾರೆ, ಹತ್ತಿರವೇ ಇದೆಯಲ್ಲ ಅನ್ನಿಸಬಹುದು. ಆದರೆ ಈ ಲೆಕ್ಕ ಪಿಕ್ಸೆಲ್ ಎಷ್ಟಿವೆ ಅಂತ ಹೇಳುತ್ತದೆ, ಎಷ್ಟು ಕೊಳೆಯಾಗಿವೆ ಅಂತ ಹೇಳುವುದಿಲ್ಲ. 400%ನಲ್ಲಿ ನೀವು ನೋಡಿದ ಮಬ್ಬೆಲ್ಲ ಕಾಗದದ ಮೇಲೂ ಬರುತ್ತದೆ. ಅದೂ ಅಲ್ಲದೆ ಚಿತ್ರದಲ್ಲಿ ಎಲ್ಲವೂ ಆರ್‌ಜಿಬಿ. ವಿಳಾಸದ ಸಣ್ಣ ಕಪ್ಪು ಅಕ್ಷರ ಅಚ್ಚಿಗೆ ಹೋದಾಗ ನಾಲ್ಕೂ ಶಾಯಿ ಬೆರೆತ ಕಪ್ಪಾಗುತ್ತದೆ. ಮಷೀನಿನಲ್ಲಿ ಒಂದು ಬಣ್ಣ ಕೂದಲೆಳೆ ಸರಿದರೂ ಅಕ್ಷರಕ್ಕೆ ನೆರಳು ಬಿದ್ದಂತೆ ಕಾಣುತ್ತದೆ. ಹಾಗೆಯೇ ಕತ್ತರಿಸುವಾಗ ಹೋಗಲಿ ಅಂತ ಸುತ್ತ 3 ಮಿಲಿಮೀಟರ್ ಹೆಚ್ಚು ಬಣ್ಣ ಬೇಕು, ಈ ಚಿತ್ರದಲ್ಲಿ ಅದಿಲ್ಲ.

ಮೊದಲು ಕಾರ್ಡು ಮಾಡಿದವರು ಯಾರು ಅಂತ ಕೇಳಿ, ಅವರಿಂದ ಫೈಲ್ ಸಿಗುತ್ತದಾ ನೋಡಿ. ಅದು ಅವರ ಡಿಸೈನ್, ಕೇಳುವುದು ಮರ್ಯಾದೆಯೂ ಹೌದು. ಸಿಕ್ಕರೂ ಮೂರು ತೊಡಕು ಬರಬಹುದು. ಅವರ ಕೋರಲ್‌ಡ್ರಾ ನಿಮ್ಮದಕ್ಕಿಂತ ಹೊಸದಾದರೆ ಫೈಲ್ ತೆರೆಯುವುದಿಲ್ಲ, ಹಳೇ ವರ್ಷನ್‌ಗೆ ಸೇವ್ ಮಾಡಿ ಕಳಿಸಲು ಹೇಳಬೇಕು. ಫೈಲ್ ತೆರೆದರೂ ಅಕ್ಷರಗಳ ಜಾಗದಲ್ಲಿ `PÀ£ÀßqÀ` ಅಂತ ಏನೇನೋ ಕಂಡರೆ ಹೆದರಬೇಡಿ. ಅದು ನುಡಿಯ ಹಳೇ ಫಾಂಟ್‌ನಲ್ಲಿ ಬರೆದ ‘ಕನ್ನಡ’ವೇ, ಆ ಫಾಂಟ್ ಹಾಕಿಕೊಂಡರೆ ಸರಿಹೋಗುತ್ತದೆ. ಮೂರನೆಯದು, ಅವರು ಪ್ರೆಸ್ಸಿಗೆ ಕಳಿಸುವಾಗ Convert to Curves ಹೊಡೆದಿದ್ದರೆ ನಂಬರ್ ಈಗ ಅಕ್ಷರವಲ್ಲ, ಬರೀ ಗೆರೆ. ಅದನ್ನು ಡಿಲೀಟ್ ಮಾಡಿ ಹೊಸದಾಗಿ ಬರೆದರಾಯಿತು. ಹಿಂದಿನ ಪಟ್ಟಿ ಹಾಗೇ ಇರುವುದರಿಂದ ತೇಪೆಯ ಚಿಂತೆಯೇ ಇಲ್ಲ.

ಫೈಲ್ ಸಿಗದಿದ್ದರೆ ವಾಟ್ಸಾಪ್ ಚಿತ್ರವನ್ನು ಕೋರಲ್‌ಡ್ರಾದಲ್ಲಿ 89 × 51 ಮಿಲಿಮೀಟರ್‌ಗೆ ಹಾಕಿ ಲಾಕ್ ಮಾಡಿ, ಅದರ ಮೇಲೆ ಒಂದೊಂದಾಗಿ ಕಟ್ಟುತ್ತಾ ಬನ್ನಿ. ಪಟ್ಟಿ, ವಿಳಾಸ, ನಂಬರ್ ಇವೆಲ್ಲ ಬೇಗ ಆಗುತ್ತವೆ. ಹೊಲಿಗೆ ಯಂತ್ರ ಒಂದೇ ಬಣ್ಣದ ಚಿತ್ರ, PowerTRACE ಸಾಕು. ಹೊತ್ತು ಹಿಡಿಯುವುದು ಅಂಗಡಿಯ ಹೆಸರು. ಆ ಅಲಂಕಾರದ ಅಕ್ಷರ ನಿಮ್ಮ ಹತ್ತಿರ ಇಲ್ಲದಿದ್ದರೆ ಕೈಯಿಂದ ಗೆರೆ ಎಳೆದೇ ತೆಗೆಯಬೇಕು, ಅದಕ್ಕೆ ಅಕ್ಕನಿಂದ ಮುದ್ರಿತ ಕಾರ್ಡನ್ನೇ ಒಂದು ತರಿಸಿಕೊಂಡು ಸ್ಕ್ಯಾನ್ ಮಾಡಿದರೆ ಅಂಚು ಸ್ಪಷ್ಟವಾಗಿ ಸಿಗುತ್ತದೆ. ಕಪ್ಪು ಅಕ್ಷರಕ್ಕೆ `C0 M0 Y0 K100` ಕೊಡಿ. ಮರೂನ್ ಮೇಲಿನ ಬಿಳಿ ನಂಬರ್ ಬೋಲ್ಡ್ ಆಗಿಯೇ ಇರಲಿ, ತೆಳು ಅಕ್ಷರವಾದರೆ ಶಾಯಿ ಒಳಗೆ ತುಂಬಿಕೊಳ್ಳುತ್ತದೆ. ಇದು ಒಂದೆರಡು ಗಂಟೆಯ ಕೆಲಸ. ನಂಬರ್ ಬದಲಿಸಿದ ಕೂಲಿ ಅಲ್ಲ, ಕಾರ್ಡು ಮಾಡಿದ ಕೂಲಿ ಕೇಳಿ. ‘ಅಷ್ಟ’ ಅಂತ ಅವರು ಬರೆದಿರುವುದರಿಂದ ಮೊದಲೇ ಹೇಳಿಬಿಡಿ, ಚಿತ್ರ ಅಂದರೆ ಹೊಲಿದು ಮುಗಿಸಿದ ಬಟ್ಟೆ ಇದ್ದ ಹಾಗೆ, ಅಳತೆ ಚೀಟಿ ನನ್ನ ಹತ್ತಿರ ಇಲ್ಲ ಅಂತ. ಟೈಲರ್‌ಗೆ ಅದು ಥಟ್ಟನೆ ಅರ್ಥವಾಗುತ್ತದೆ.

ಮುಗಿದ ಮೇಲೆ ಎರಡು ಫೈಲ್ ಇಟ್ಟುಕೊಳ್ಳಿ. ಒಂದು ಅಕ್ಷರ ಅಕ್ಷರವಾಗಿಯೇ ಇರುವುದು, ಇನ್ನೊಂದು ಕರ್ವ್ಸ್ ಮಾಡಿ ಪ್ರೆಸ್ಸಿಗೆ ಕಳಿಸುವುದು. ಪ್ರೂಫ್ ಕಳಿಸುವಾಗ ಚಿತ್ರದ ಕೆಳಗೆ ಹೀಗೆ ಬರೆಯಿರಿ: “ಅಕ್ಕಾ, ಈ ಚಿತ್ರದಾಗಿನ ನಂಬರ ನೋಡಿಕೋತ ಬ್ಯಾರೆ ಫೋನಿನಿಂದ ಒತ್ತಿ ಒಮ್ಮೆ ಕಾಲ್ ಮಾಡ್ರಿ. ನಿಮ್ಮ ಫೋನ್ ರಿಂಗ್ ಆದ ಮ್ಯಾಲೆ ಓಕೆ ಅಂತ ಹಾಕ್ರಿ.” ಸುಮ್ನೆ ಓಕೆ ಅಂದರೆ ಒಪ್ಪಬೇಡಿ, ರಿಂಗ್ ಆಯಿತು ಅನ್ನುವ ಮಾತು ಬರಲಿ. ಹಳೇ ಕಾರ್ಡು ಇನ್ನೂರು ಮುನ್ನೂರು ಉಳಿದಿದ್ದರೆ, ಪಟ್ಟಿಯಲ್ಲಿ ನಂಬರ್ ಇರುವ ಜಾಗಕ್ಕೆ ಕೂರುವ 40 × 6 ಮಿಲಿಮೀಟರ್ ಅಳತೆಯ ಸ್ಟಿಕ್ಕರ್ ಮಾಡಿಕೊಡಿ. ಒಂದು ಎ4 ಹಾಳೆಯಲ್ಲಿ ಇನ್ನೂರರ ಹತ್ತಿರ ಬರುತ್ತವೆ. ಕ್ಯೂಆರ್ ಮೇಲೆ ಅಂಟಿಸಲು ಹೊಸ ಕೋಡಿನ ಚೌಕ ಸ್ಟಿಕ್ಕರ್‌ಗಳನ್ನೂ ಅಷ್ಟೇ ಸಂಖ್ಯೆಯಲ್ಲಿ ಬೇರೆ ಹಾಳೆಯಲ್ಲಿ ಹಾಕಿಕೊಡಿ.